ಸಲಹಾ ಪ್ರಕಟಣೆಯ ‘ಸೊನ್ನೆ ಮಳೆ’ ಯಾವ ದಿನದ್ದು? ಗೋವಿನಜೋಳದ ಒಂದು ಮಾದರಿಯನ್ನು ಬಿಡಿಸಿ ನೋಡೋಣ

ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಗೊಂದರಂತೆ ಕೃಷಿ ಹವಾಮಾನ ಸಲಹಾ ಪ್ರಕಟಣೆ ಹೊರಬರುತ್ತದೆ. ಭಾರತ ಹವಾಮಾನ ಇಲಾಖೆ ಐದು ದಿನಗಳ ಮುನ್ಸೂಚನೆ ಕೊಡುತ್ತದೆ. ಅದನ್ನು ಇಟ್ಟುಕೊಂಡು ಕೃಷಿ ವಿಶ್ವವಿದ್ಯಾಲಯದ ತಜ್ಞರು ಯಾವ ಬೆಳೆಗೆ ಏನು ಮಾಡಬೇಕು ಎಂದು ಬರೆಯುತ್ತಾರೆ. ಮೇಘದೂತ್ ಆ್ಯಪ್‌ನಲ್ಲಿ ಇದು ಕನ್ನಡದಲ್ಲೂ ಸಿಗುತ್ತದೆ, ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದು ಬೀಳುತ್ತದೆ. ಓದಿದರೆ ಎಲ್ಲ ಅರ್ಥವಾದಂತೆಯೇ ಇರುತ್ತದೆ. ಎಡವಟ್ಟಾಗುವುದು ಹೊಲಕ್ಕೆ ಇಳಿದ ಮೇಲೆ: ಮಳೆಯಿಲ್ಲ ಎಂದುಕೊಂಡ ದಿನ ಮಳೆ ಬಂದು ಔಷಧಿ ತೊಳೆದುಹೋಗುತ್ತದೆ, ಇಪ್ಪತ್ತು ಕಿಲೋ ಎಂದು ಓದಿ ಹಾಕಿದ ಗೊಬ್ಬರ ಬೆಳೆಗೆ ಅರ್ಧದಷ್ಟೂ ಸಾಲುವುದಿಲ್ಲ.

ಇದಕ್ಕೆ ಕಾರಣ ಪ್ರಕಟಣೆಯ ಭಾಷೆಯೇ. ಅದರ ಒಂದೊಂದು ವಾಕ್ಯದಲ್ಲೂ ಮೂರು ಸಂಗತಿ ಅಡಕವಾಗಿರುತ್ತವೆ: ಯಾವ ಪರಿಸ್ಥಿತಿ ಇದ್ದರೆ ಮಾಡಬೇಕು, ಎಷ್ಟು ಹಾಕಬೇಕು, ಯಾವಾಗ ಮಾಡಬೇಕು. ಇವನ್ನು ಬೇರೆಬೇರೆ ಬಿಡಿಸಿಕೊಳ್ಳುವುದು ಹೇಗೆಂದು ತೋರಿಸಲು ಹಾವೇರಿ ಕಡೆಯ ಗೋವಿನಜೋಳದ ಒಂದು ಸಲಹೆಯನ್ನು ತೆಗೆದುಕೊಳ್ಳೋಣ. ಇದು ಈ ಲೇಖನಕ್ಕಾಗಿ ಹೆಣೆದ ಮಾದರಿ, ಆದರೆ ಧಾಟಿಯೆಲ್ಲ ನಿಜವಾದ ಪ್ರಕಟಣೆಯದ್ದೇ.

> ಪ್ರಕಟಿಸಿದ ದಿನ: ಶುಕ್ರವಾರ, ಜುಲೈ 11. ಮುನ್ಸೂಚನೆ ಮುಂದಿನ ಐದು ದಿನಗಳ ಬೆಳಿಗ್ಗೆ 8:30ರವರೆಗೆ.
>
> ಮಳೆ (ಮಿ.ಮೀ.): ಜುಲೈ 12 – 6, ಜುಲೈ 13 – 22, ಜುಲೈ 14 – 3, ಜುಲೈ 15 – 0, ಜುಲೈ 16 – 14. ಗಾಳಿಯ ದಿಕ್ಕು: 270 ಡಿಗ್ರಿ.
>
> ಗೋವಿನಜೋಳ (25–35 ದಿನಗಳ ಬೆಳೆ): ಮಣ್ಣಿನಲ್ಲಿ ಸಾಕಷ್ಟು ತೇವಾಂಶವಿದ್ದಲ್ಲಿ, ಕಳೆ ತೆಗೆದ ನಂತರ ಹೆಕ್ಟೇರಿಗೆ 50 ಕಿ.ಗ್ರಾಂ ಸಾರಜನಕವನ್ನು ಮೇಲುಗೊಬ್ಬರವಾಗಿ ಕೊಟ್ಟು ಮಣ್ಣು ಮುಚ್ಚುವುದು. ಶೇ. 10ಕ್ಕಿಂತ ಹೆಚ್ಚು ಗಿಡಗಳಲ್ಲಿ ಫಾಲ್ ಸೈನಿಕ ಹುಳುವಿನ ಬಾಧೆ ಕಂಡುಬಂದಲ್ಲಿ, ಮಳೆ ಬಿಡುವು ಕೊಟ್ಟಾಗ, ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. 0.4 ಗ್ರಾಂ ಅಥವಾ ಸ್ಪೈನೆಟೋರಾಮ್ 11.7 ಎಸ್.ಸಿ. 0.5 ಮಿ.ಲೀ. ಪ್ರತಿ ಲೀಟರ್ ನೀರಿಗೆ ಬೆರೆಸಿ, ಸುಳಿಯೊಳಗೆ ಇಳಿಯುವಂತೆ ಸಂಜೆ ವೇಳೆ ಸಿಂಪಡಿಸುವುದು. ಹೆಕ್ಟೇರಿಗೆ 500 ಲೀಟರ್ ಸಿಂಪಡಣಾ ದ್ರಾವಣ ಬಳಸುವುದು.

ಲೆಕ್ಕಕ್ಕೊಂದು ಹೊಲವೂ ಇರಲಿ. 2 ಎಕರೆ 10 ಗುಂಟೆ, ಅಂದರೆ 90 ಗುಂಟೆ. ಜೂನ್ 14ಕ್ಕೆ ಬಿತ್ತನೆಯಾಗಿದೆ.

ಮೊದಲು ತಲೆಬರಹ

ಪ್ರಕಟಣೆ ಕೈಗೆ ಬಂದ ಕೂಡಲೇ ಕಣ್ಣು ನಮ್ಮ ಬೆಳೆಯ ಹೆಸರಿನ ಕಡೆಗೆ ಓಡುತ್ತದೆ. ಅದಕ್ಕೂ ಮೊದಲು ಜಿಲ್ಲೆಯ ಹೆಸರು, ಪ್ರಕಟಿಸಿದ ದಿನಾಂಕ, ಎಲ್ಲಿಯವರೆಗೆ ಅನ್ವಯ ಎಂಬ ಮೂರನ್ನು ನೋಡಬೇಕು. ಗುಂಪಿನಿಂದ ಗುಂಪಿಗೆ ಹಾರುತ್ತ ಬರುವ ಪ್ರಕಟಣೆ ಎಷ್ಟೋ ಸಲ ಹಿಂದಿನ ವಾರದ್ದಾಗಿರುತ್ತದೆ, ಇಲ್ಲವೇ ಪಕ್ಕದ ಜಿಲ್ಲೆಯದ್ದು. ಔಷಧಿಯ ಪ್ರಮಾಣ ಒಂದು ವಾರದಲ್ಲಿ ಬದಲಾಗುವುದಿಲ್ಲ, ಆದರೆ ‘ಮಳೆ ಬಿಡುವು ಕೊಟ್ಟಾಗ’ ಎಂಬ ಮಾತಿಗೆ ಹಳೆಯ ಪ್ರಕಟಣೆಯಲ್ಲಿ ಅರ್ಥವೇ ಇರುವುದಿಲ್ಲ.

ಬೆಳೆಯ ವಯಸ್ಸನ್ನೂ ಇಲ್ಲೇ ಹೊಂದಿಸಿಕೊಳ್ಳಬೇಕು. ಸಲಹೆ ಬರೆಯುವವರು ಜಿಲ್ಲೆಯಲ್ಲಿ ಹೆಚ್ಚು ಜನ ಬಿತ್ತಿದ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ನಮ್ಮ ಮಾದರಿ ಹೊಲದ ಬೆಳೆಗೆ ಜುಲೈ 14ಕ್ಕೆ 30 ದಿನ, ಹಾಗಾಗಿ ಸಲಹೆ ಸರಿಯಾಗಿ ಕೂರುತ್ತದೆ. ಮಳೆ ತಡವಾಗಿ ಜುಲೈ ಮೊದಲ ವಾರ ಬಿತ್ತಿದವರ ಬೆಳೆ ಇನ್ನೂ ಎಳೆಯದು. ಈ ವಾಕ್ಯ ಅವರಿಗೆ ಹೇಳಿದ್ದಲ್ಲ, ಅವರು ಇನ್ನೂ ಕಾಯಬೇಕು.

‘15ಕ್ಕೆ ಸೊನ್ನೆ’ ಅಂದರೆ ಸೋಮವಾರ

ಅತಿ ಹೆಚ್ಚು ಜನ ಎಡವುವ ಜಾಗ ಇದು. ಪಟ್ಟಿಯಲ್ಲಿ ಜುಲೈ 15ರ ಕೆಳಗೆ 0 ಇದೆ. ಜುಲೈ 15 ಮಂಗಳವಾರ. ಹಾಗಾದರೆ ಮಂಗಳವಾರ ಮಳೆಯಿಲ್ಲ, ಅಂದು ಔಷಧಿ ಹೊಡೆಯೋಣ ಎಂದುಕೊಳ್ಳುವುದು ಸಹಜ. ಅದು ತಪ್ಪು.

ಹವಾಮಾನ ಇಲಾಖೆಯ ಮಳೆಯ ದಿನ ಮಧ್ಯರಾತ್ರಿಗೆ ಶುರುವಾಗುವುದಿಲ್ಲ. ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ಹಿಂದಿನ ದಿನ ಬೆಳಿಗ್ಗೆ 8:30ರಿಂದ ಇಂದು ಬೆಳಿಗ್ಗೆ 8:30ರವರೆಗೆ ಬಿದ್ದದ್ದು ಇಂದಿನ ದಿನಾಂಕದ ಲೆಕ್ಕಕ್ಕೆ ಸೇರುತ್ತದೆ. ಮುನ್ಸೂಚನೆಯ ತಲೆಬರಹದಲ್ಲಿ ‘ಬೆಳಿಗ್ಗೆ 8:30ರವರೆಗೆ’ ಎಂದು ಬರೆದಿದ್ದರೆ ಪ್ರತಿ ಅಂಕಣವನ್ನೂ ಹಾಗೆಯೇ ಓದಬೇಕು. ಆ ದಿನಾಂಕದ ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆ ಅದು.

ಈಗ ಪಟ್ಟಿಯನ್ನು ಮತ್ತೆ ಓದೋಣ. 13ರ ಕೆಳಗಿನ 22 ಮಿ.ಮೀ. ಬೀಳುವುದು ಶನಿವಾರ ಹಗಲು ಮತ್ತು ರಾತ್ರಿ. 14ರ ಕೆಳಗಿನ 3 ಮಿ.ಮೀ. ಭಾನುವಾರದ್ದು. 15ರ ಸೊನ್ನೆ ಸೋಮವಾರ ಬೆಳಿಗ್ಗೆ 8:30ರಿಂದ ಮಂಗಳವಾರ ಬೆಳಿಗ್ಗೆ 8:30ರವರೆಗಿನದು. 16ರ 14 ಮಿ.ಮೀ. ಮಂಗಳವಾರ ಬೆಳಿಗ್ಗೆಯಿಂದಲೇ ಶುರುವಾಗಬಹುದು. ಮಂಗಳವಾರ ಸಂಜೆ ಪಂಪು ಹೆಗಲಿಗೇರಿಸುವವರು ನೇರವಾಗಿ ಆ ಮಳೆಗೇ ಸಿಗುತ್ತಾರೆ. ಬಿಡುವಿನ ದಿನ ಸೋಮವಾರ.

ಮಿಲಿಮೀಟರ್ ಎಂಬ ಅಳತೆ ಕೆಲವರಿಗೆ ಕಣ್ಣಿಗೆ ಕಟ್ಟುವುದಿಲ್ಲ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು, ಎಕರೆಗೆ ಸುಮಾರು 4,000 ಲೀಟರ್. ಇಲಾಖೆಯ ಭಾಷೆಯಲ್ಲಿ 2.5ರಿಂದ 15.5 ಮಿ.ಮೀ. ‘ಹಗುರ’, 15.6ರಿಂದ 64.4 ‘ಸಾಧಾರಣ’, 64.5ರಿಂದ 115.5 ‘ಭಾರಿ’, ಅದರಾಚೆ 204.4ರವರೆಗೆ ‘ಅತಿ ಭಾರಿ’. ಇಲ್ಲಿ ‘ಸಾಧಾರಣ’ ಎಂಬುದನ್ನು ಮಾತಿನ ಅರ್ಥದಲ್ಲಿ ತೆಗೆದುಕೊಳ್ಳಬಾರದು. 60 ಮಿ.ಮೀ. ಒಂದೇ ದಿನ ಸುರಿದರೆ ಕಪ್ಪು ನೆಲದಲ್ಲಿ ನೀರು ನಿಲ್ಲುತ್ತದೆ, ಆದರೂ ಪ್ರಕಟಣೆಯ ಲೆಕ್ಕದಲ್ಲಿ ಅದು ಸಾಧಾರಣ ಮಳೆಯೇ.

‘ಕೆಲವೆಡೆ’, ‘ಹಲವೆಡೆ’ ಎಂಬ ಪದಗಳು ಮಳೆ ಎಷ್ಟು ಜಾಗಕ್ಕೆ ಹರಡುತ್ತದೆ ಎಂಬುದನ್ನು ಹೇಳುತ್ತವೆ, ಎಷ್ಟು ಜೋರು ಎಂಬುದನ್ನಲ್ಲ. ‘ಅಲ್ಲಲ್ಲಿ ಭಾರಿ ಮಳೆ’ ಎಂದಿದ್ದರೆ ಮಳೆ ಬರುವ ಊರುಗಳು ಕಡಿಮೆ, ಬಂದ ಊರಲ್ಲಿ ಮಾತ್ರ ಜೋರು. ಇಡೀ ಜಿಲ್ಲೆಗೆ ಒಂದೇ ಅಂಕಿ ಕೊಟ್ಟಿದ್ದರಂತೂ ಅದನ್ನು ಹೊಲದ ಅಂಕಿ ಎಂದುಕೊಳ್ಳುವಂತಿಲ್ಲ. ಹಾವೇರಿ ಜಿಲ್ಲೆಯೊಳಗೇ ಹಾನಗಲ್ಲಿನ ಮಳೆ ಬೇರೆ, ರಾಣೆಬೆನ್ನೂರಿನ ಮಳೆ ಬೇರೆ. ಹೊಲದಲ್ಲಿ ನಿಜವಾಗಿ ಎಷ್ಟು ಬಿತ್ತೆಂದು ತಿಳಿಯಲು ಬಯಲಿನಲ್ಲಿ ನೆಟ್ಟಗಿನ ಗೋಡೆಯ ಒಂದು ಡಬ್ಬಿ ಇಟ್ಟು, ಬೆಳಿಗ್ಗೆ ಸ್ಕೇಲಿನಿಂದ ನೀರಿನ ಆಳ ಅಳೆದರೆ ಸಾಕು. ಡಬ್ಬಿಯ ಬಾಯಿ, ತಳ ಒಂದೇ ಅಗಲ ಇರಬೇಕು. ಬಕೆಟ್ಟಿನಂತೆ ಬಾಯಿ ಅಗಲವಾಗಿದ್ದರೆ ಲೆಕ್ಕ ತಪ್ಪುತ್ತದೆ.

ಉಳಿದ ಸಾಲುಗಳಲ್ಲಿ ಉಷ್ಣಾಂಶ, ಬೆಳಿಗ್ಗೆ ಮತ್ತು ಮಧ್ಯಾಹ್ನದ ತೇವಾಂಶ, ಮೋಡ ಇರುತ್ತವೆ. ಮೋಡವನ್ನು 0ರಿಂದ 8ರವರೆಗಿನ ಅಂಕಿಯಲ್ಲಿ ಕೊಡುತ್ತಾರೆ, 8 ಎಂದರೆ ಆಕಾಶ ಪೂರ್ತಿ ಮುಚ್ಚಿದೆ ಎಂದರ್ಥ. ನಮ್ಮ ಇಂದಿನ ಕೆಲಸಕ್ಕೆ ಇವುಗಳಿಗಿಂತ ಗಾಳಿಯ ಸಾಲು ಮುಖ್ಯ, ಅದಕ್ಕೆ ಆಮೇಲೆ ಬರೋಣ.

‘ತೇವಾಂಶವಿದ್ದಲ್ಲಿ’, ‘ಕಂಡುಬಂದಲ್ಲಿ’

ಪ್ರಕಟಣೆಯ ವಾಕ್ಯದಲ್ಲಿ ಕ್ರಿಯಾಪದಕ್ಕೆ ‘-ಅಲ್ಲಿ’, ‘-ಅರೆ’, ‘-ಆಗ’ ಸೇರಿ ಮುಗಿಯುವ ತುಂಡುಗಳೆಲ್ಲ ಷರತ್ತುಗಳು. ಪೆನ್ನಿನಿಂದ ಅವುಗಳ ಕೆಳಗೆ ಗೆರೆ ಎಳೆದರೆ ಅರ್ಧ ಕೆಲಸ ಮುಗಿದಂತೆ. ಷರತ್ತು ಪೂರೈಸಿದೆಯೇ ಎಂದು ತಜ್ಞರಿಗೆ ಗೊತ್ತಾಗುವುದಿಲ್ಲ. ಹೊಲದಲ್ಲಿ ನಿಂತವರೇ ನೋಡಬೇಕು.

ಮೊದಲ ಷರತ್ತು ತೇವಾಂಶ. ಒಂದು ಗೇಣು ಆಳದಿಂದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗಿ ನಿಂತು, ಸೊಂಟದೆತ್ತರದಿಂದ ಬಿಟ್ಟರೆ ಒಡೆದರೆ ಹದವಿದೆ. ಉಂಡೆಯೇ ಆಗದಿದ್ದರೆ ಒಣಗಿದೆ. ಅಂಗೈಗೆ ಅಂಟಿ ನೀರು ಒಸರಿದರೆ ಹಸಿ ಹೆಚ್ಚಾಗಿದೆ. ಒಣ ನೆಲದಲ್ಲಿ ಹಾಕಿದ ಯೂರಿಯಾ ಕರಗಿ ಬೇರಿಗೆ ಇಳಿಯುವುದಿಲ್ಲ. ಮೇಲ್ಪದರವಷ್ಟೇ ಹಸಿಯಿದ್ದು ಗೊಬ್ಬರವನ್ನು ಮುಚ್ಚದೆ ಬಿಟ್ಟರೆ ಅದರ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನೀರು ನಿಂತ ಕಪ್ಪು ಮಣ್ಣಿನಲ್ಲಿ ಇನ್ನೊಂದು ದಾರಿಯಲ್ಲಿ ನಷ್ಟ: ಗಾಳಿಯಾಡದ ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ಅನಿಲವಾಗಿ ಹೊರಗೆ ಹಾಕುತ್ತವೆ. ಹಾಗಾಗಿ ‘ಸಾಕಷ್ಟು ತೇವಾಂಶ’ ಎಂದರೆ ಹದ ಎಂದೇ ತಿಳಿಯಬೇಕು, ಕೆಸರು ಎಂದಲ್ಲ. ‘ಕಳೆ ತೆಗೆದ ನಂತರ’, ‘ಮಣ್ಣು ಮುಚ್ಚುವುದು’ ಎಂಬ ಮಾತುಗಳೂ ಅಲಂಕಾರಕ್ಕಿಲ್ಲ. ಕಳೆಯಿದ್ದರೆ ಗೊಬ್ಬರದಲ್ಲಿ ಅದೂ ಪಾಲು ತೆಗೆದುಕೊಳ್ಳುತ್ತದೆ.

ಎರಡನೆಯ ಷರತ್ತು ‘ಶೇ. 10ಕ್ಕಿಂತ ಹೆಚ್ಚು ಗಿಡಗಳಲ್ಲಿ’. ಹುಳು ಕಂಡ ಕೂಡಲೇ ಹೊಡೆಯಿರಿ ಎಂದು ಇದರ ಅರ್ಥವಲ್ಲ. ಔಷಧಿಯ ಖರ್ಚಿಗಿಂತ ಹುಳು ಮಾಡುವ ನಷ್ಟ ಹೆಚ್ಚಾಗುವ ಮಟ್ಟ ಅದು. 2018ರಲ್ಲಿ ಶಿವಮೊಗ್ಗದಲ್ಲಿ ಈ ಹುಳು ದೇಶದಲ್ಲೇ ಮೊದಲ ಬಾರಿಗೆ ಕಂಡ ಮೇಲೆ ಹೆದರಿಕೆಯಿಂದ ಸಿಂಪಡಿಸುವ ರೂಢಿ ಬೆಳೆದಿದೆ. ಎಣಿಸಿ ನೋಡುವ ಕೆಲಸ ಹಿಂದೆ ಬಿದ್ದಿದೆ.

ಎಣಿಸುವುದು ಕಷ್ಟವೇನಲ್ಲ. ಅಂಚಿನ ನಾಲ್ಕೈದು ಸಾಲು ಬಿಟ್ಟು ಒಳಗೆ ಹೋಗಿ, ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಐದು ಕಡೆ ನಿಲ್ಲಿ. ಪ್ರತಿ ಕಡೆ ಸಾಲಾಗಿ 20 ಗಿಡಗಳ ಸುಳಿ ಬಿಡಿಸಿ ನೋಡಿ. ಒಟ್ಟು 100 ಗಿಡ, ಬಾಧೆಯಾದ ಗಿಡಗಳ ಸಂಖ್ಯೆಯೇ ಶೇಕಡಾವಾರು. ಯಾವುದನ್ನು ಬಾಧೆ ಎಂದು ಎಣಿಸಬೇಕು ಎಂಬಲ್ಲಿ ಸ್ವಲ್ಪ ಎಚ್ಚರ ಬೇಕು. ಎಲೆಯ ಹಸಿರನ್ನು ಕೆರೆದು ತೆಳ್ಳಗೆ ಬಿಳಿ ಪೊರೆಯಂತೆ ಬಿಟ್ಟಿದ್ದರೆ ಮರಿಹುಳು ಇದೆ. ಸುಳಿಯಲ್ಲಿ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ಇದ್ದರೆ ದೊಡ್ಡ ಹುಳು ಒಳಗೆ ತಿನ್ನುತ್ತಿದೆ. ಇವೆರಡನ್ನೂ ಎಣಿಸಿ. ಕೆಳಗಿನ ಹಳೆ ಎಲೆಯಲ್ಲಿ ತೂತುಗಳಿದ್ದು, ಹೊಸ ಸುಳಿ ಶುಭ್ರವಾಗಿದ್ದರೆ ಹುಳು ಹೋಗಿಯಾಗಿದೆ. ಅದನ್ನು ಎಣಿಸಿದರೆ ಇಲ್ಲದ ಹುಳುವಿಗೆ ಔಷಧಿ ಹೊಡೆದಂತಾಗುತ್ತದೆ. ಹುಳು ಇದೇ ಹೌದೋ ಎಂದು ಅನುಮಾನವಿದ್ದರೆ ತಲೆಯ ಮೇಲೆ ತಲೆಕೆಳಗಾದ ‘Y’ ಆಕಾರದ ಗೆರೆ, ಬಾಲದ ಹತ್ತಿರ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ ನೋಡಿ.

ನಮ್ಮ ಮಾದರಿ ಹೊಲದಲ್ಲಿ ಭಾನುವಾರ ಎಣಿಸಿದಾಗ 100ರಲ್ಲಿ 14 ಗಿಡ ಸಿಕ್ಕವು ಎಂದಿಟ್ಟುಕೊಳ್ಳೋಣ. ಷರತ್ತು ಪೂರೈಸಿದೆ. 6 ಸಿಕ್ಕಿದ್ದರೆ ಆ ವಾಕ್ಯದ ಉಳಿದ ಭಾಗವನ್ನು ಓದುವ ಅಗತ್ಯವೇ ಇರಲಿಲ್ಲ. ನಾಲ್ಕೈದು ದಿನ ಬಿಟ್ಟು ಮತ್ತೆ ಎಣಿಸಿದರೆ ಸಾಕಿತ್ತು.

ಸಾರಜನಕ ಬೇರೆ, ಯೂರಿಯಾ ಬೇರೆ

ಪ್ರಕಟಣೆ ಹೇಳುವುದು ಹೆಕ್ಟೇರಿನ ಲೆಕ್ಕ, ಪೋಷಕಾಂಶದ ಲೆಕ್ಕ. ಅಂಗಡಿಯಲ್ಲಿ ಸಿಗುವುದು ಚೀಲ, ಹೊಲ ಇರುವುದು ಎಕರೆ ಗುಂಟೆಯಲ್ಲಿ. ನಡುವೆ ಎರಡು ಪರಿವರ್ತನೆ ಆಗಬೇಕು.

ಒಂದು ಹೆಕ್ಟೇರ್ ಎಂದರೆ 2.47 ಎಕರೆ. ಎಕರೆಗೆ 40 ಗುಂಟೆ, ಹಾಗಾಗಿ ಹೆಕ್ಟೇರಿಗೆ 98.8 ಗುಂಟೆ. ನೂರು ಗುಂಟೆ ಎಂದೇ ಹಿಡಿದರೆ ಬಾಯಿಲೆಕ್ಕ ಸಲೀಸು, ತಪ್ಪುವುದು ನೂರಕ್ಕೊಂದು ಪಾಲು ಮಾತ್ರ. ಹೆಕ್ಟೇರಿನ ಯಾವ ಅಂಕಿಯನ್ನೇ ಆಗಲಿ ನೂರರಿಂದ ಭಾಗಿಸಿದರೆ ಗುಂಟೆಗೆಷ್ಟು ಎಂದು ಬರುತ್ತದೆ.

ಯೂರಿಯಾದಲ್ಲಿ ಸಾರಜನಕ ಶೇ. 46. ಹೆಕ್ಟೇರಿಗೆ 50 ಕಿಲೋ ಸಾರಜನಕ ಬೇಕೆಂದರೆ 50ನ್ನು 0.46ರಿಂದ ಭಾಗಿಸಬೇಕು, 109 ಕಿಲೋ ಯೂರಿಯಾ ಆಗುತ್ತದೆ. ಗುಂಟೆಗೆ 1.1 ಕಿಲೋ. ಎಕರೆಗೆ 44 ಕಿಲೋ. ಈಗಿನ ಯೂರಿಯಾ ಚೀಲ 45 ಕಿಲೋದ್ದು, ಅಂದರೆ ಎಕರೆಗೆ ಒಂದು ಚೀಲ. ನಮ್ಮ 90 ಗುಂಟೆಗೆ 99 ಕಿಲೋ: ಎರಡು ಚೀಲ, ಮೇಲೆ 9 ಕಿಲೋ.

ಇಲ್ಲಿ ಆಗುವ ತಪ್ಪು ಎರಡು ಬಗೆಯದು. ಒಂದು, ‘ಎಕರೆಗೆ 20 ಕಿಲೋ ಸಾರಜನಕ’ ಎಂಬುದನ್ನು 20 ಕಿಲೋ ಯೂರಿಯಾ ಎಂದು ಓದುವುದು. ಆಗ ಬೆಳೆಗೆ ಸಿಗುವುದು 9 ಕಿಲೋ ಸಾರಜನಕ ಮಾತ್ರ. ಇನ್ನೊಂದು, ಚೀಲದ ಬಣ್ಣ ನೋಡಿ ಎಲ್ಲ ಯೂರಿಯಾವೂ ಒಂದೇ ಎಂದುಕೊಳ್ಳುವುದು. ಗಂಧಕ ಲೇಪಿತ ಯೂರಿಯಾ 40 ಕಿಲೋ ಚೀಲದಲ್ಲಿ ಬರುತ್ತದೆ, ಅದರಲ್ಲಿ ಸಾರಜನಕ ಶೇ. 37. ಅದೇ 20 ಕಿಲೋ ಸಾರಜನಕಕ್ಕೆ ಅದು 54 ಕಿಲೋ ಬೇಕು. ಚೀಲದ ಮೇಲೆ ಶೇಕಡಾ ಅಂಕಿ ಅಚ್ಚಾಗಿರುತ್ತದೆ, ಭಾಗಿಸಬೇಕಾದದ್ದು ಅದರಿಂದ.

ಗೊಬ್ಬರವನ್ನು ಗಿಡದ ಬುಡದಿಂದ ನಾಲ್ಕು ಬೆರಳು ದೂರದಲ್ಲಿ ಸಾಲಿನ ಪಕ್ಕ ಬಿಟ್ಟು ಎಡೆಕುಂಟೆ ಹೊಡೆದರೆ ಮಣ್ಣು ಮುಚ್ಚುತ್ತದೆ. ಎರಚಿದರೆ ಕಾಳುಗಳು ಸುಳಿಗೆ ಬಿದ್ದು ಎಲೆ ಸುಡುತ್ತವೆ.

ಲೀಟರಿಗೆ 0.4 ಗ್ರಾಂ: ಎಷ್ಟು ಲೀಟರಿಗೆ?

ಔಷಧಿಯ ಸಾಲಿನಲ್ಲಿ ಮೊದಲು ಗಮನಿಸಬೇಕಾದ ಪದ ‘ಅಥವಾ’. ಎಮಾಮೆಕ್ಟಿನ್ ಅಥವಾ ಸ್ಪೈನೆಟೋರಾಮ್ ಎಂದರೆ ಎರಡರಲ್ಲಿ ಒಂದು. ಎರಡನ್ನೂ ತಂದು ಒಂದೇ ಪಂಪಿಗೆ ಸುರಿಯುವುದು ದುಡ್ಡು ದಂಡ. ಅಷ್ಟೇ ಅಲ್ಲ, ಮುಂದಿನ ಸಲಕ್ಕೆ ಬದಲಾಯಿಸಲು ಔಷಧಿಯೇ ಉಳಿಯುವುದಿಲ್ಲ.

ಹೆಸರಿನ ಮುಂದಿನ ಅಂಕಿ ಮತ್ತು ಅಕ್ಷರವೂ ಹೆಸರಿನಷ್ಟೇ ಮುಖ್ಯ. ‘5 ಎಸ್.ಜಿ.’ ಎಂದರೆ ನೂರು ಗ್ರಾಂ ಹರಳಿನಲ್ಲಿ 5 ಗ್ರಾಂ ಅಸಲು ಔಷಧಿ. ಇದೇ ಎಮಾಮೆಕ್ಟಿನ್ 1.9 ಇ.ಸಿ. ಎಂಬ ದ್ರವರೂಪದಲ್ಲೂ ಬರುತ್ತದೆ. 0.4 ಗ್ರಾಂ ಎಂಬ ಪ್ರಮಾಣ 5 ಎಸ್.ಜಿ.ಗೆ ಬರೆದದ್ದು. ಅಂಗಡಿಯಲ್ಲಿ ‘ಅದೇ ಔಷಧಿ, ಬೇರೆ ಕಂಪನಿ’ ಎಂದು ಇನ್ನೊಂದನ್ನು ಕೊಟ್ಟರೆ 0.4 ಮಿ.ಲೀ. ಹಾಕುವಂತಿಲ್ಲ, ಅರ್ಧಕ್ಕಿಂತ ಕಡಿಮೆ ಶಕ್ತಿಯ ದ್ರಾವಣವಾಗುತ್ತದೆ. ಬೇವಿನ ಔಷಧಿಯಲ್ಲೂ ಇದೇ ಕಥೆ: 300, 1500, 10000 ಪಿ.ಪಿ.ಎಂ. ಎಂದು ಬೇರೆಬೇರೆ ಇವೆ, ಒಂದಕ್ಕೆ ಬರೆದ ಪ್ರಮಾಣ ಇನ್ನೊಂದಕ್ಕೆ ನಡೆಯುವುದಿಲ್ಲ.

ಈಗ ಪ್ರಮಾಣ. ಲೀಟರಿಗೆ 0.4 ಗ್ರಾಂ ಎಂಬ ಅಂಕಿ ಒಂಟಿಯಾಗಿ ಅರ್ಧ ಮಾಹಿತಿ ಮಾತ್ರ. ಉಳಿದರ್ಧ ‘ಹೆಕ್ಟೇರಿಗೆ 500 ಲೀಟರ್ ದ್ರಾವಣ’ ಎಂಬಲ್ಲಿದೆ. ನೂರರಿಂದ ಭಾಗಿಸಿದರೆ ಗುಂಟೆಗೆ 5 ಲೀಟರ್, ಎಕರೆಗೆ 200 ಲೀಟರ್. ಹಾಗಾಗಿ ಔಷಧಿ ಗುಂಟೆಗೆ 2 ಗ್ರಾಂ, ಎಕರೆಗೆ 80 ಗ್ರಾಂ. 16 ಲೀಟರಿನ ಪಂಪಿಗೆ 6.4 ಗ್ರಾಂ ಬೀಳುತ್ತದೆ, ಎಕರೆಗೆ ಹನ್ನೆರಡೂವರೆ ಪಂಪು. ನಮ್ಮ 90 ಗುಂಟೆಗೆ 450 ಲೀಟರ್, 28 ಪಂಪು, 180 ಗ್ರಾಂ ಔಷಧಿ.

ಬೇಗ ಮುಗಿಸಬೇಕೆಂದು ಎಕರೆಗೆ ಆರೇ ಪಂಪಿನಲ್ಲಿ ಓಡಿಬಿಟ್ಟರೆ ಏನಾಗುತ್ತದೆ? ಪಂಪಿಗೆ 6.4 ಗ್ರಾಂ ಸರಿಯಾಗಿಯೇ ಹಾಕಿರುತ್ತಾರೆ, ಆದರೆ ಎಕರೆಗೆ ಬಿದ್ದದ್ದು 38 ಗ್ರಾಂ. ಹುಳು ಸಾಯುವುದಿಲ್ಲ, ‘ಔಷಧಿ ನಕಲಿ’ ಎಂಬ ಮಾತು ಬರುತ್ತದೆ. ಕಡಿಮೆ ನೀರು ಬಳಸುವ ಪವರ್ ಸ್ಪ್ರೇಯರ್ ಇದ್ದರೆ ಹಿಡಿದಿಟ್ಟುಕೊಳ್ಳಬೇಕಾದ್ದು ಎಕರೆಯ ಅಂಕಿಯನ್ನು, ಲೀಟರಿನದ್ದನ್ನಲ್ಲ. ಆ ಯಂತ್ರಕ್ಕೆ ಎಷ್ಟು ನೀರು, ಎಷ್ಟು ಔಷಧಿ ಎಂಬುದನ್ನು ಔಷಧಿಯ ಲೇಬಲ್ ನೋಡಿ ರೈತ ಸಂಪರ್ಕ ಕೇಂದ್ರದಲ್ಲಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ನಮ್ಮ ನಡಿಗೆಗೆ ಎಷ್ಟು ನೀರು ಖರ್ಚಾಗುತ್ತದೆ ಎಂದು ತಿಳಿಯಲು ಒಂದು ಗುಂಟೆ ಅಳತೆ ಮಾಡಿ, ಅಂದರೆ 33 ಅಡಿಗೆ 33 ಅಡಿ. ಪಂಪಿಗೆ ಬರಿ ನೀರು ತುಂಬಿ, ಎಂದಿನಂತೆ ನಡೆಯುತ್ತ ಆ ಜಾಗ ಮುಗಿಸಿ, ಮತ್ತೆ ತುಂಬಲು ಎಷ್ಟು ನೀರು ಹಿಡಿಯಿತು ನೋಡಿ. ಐದು ಲೀಟರಿನ ಆಸುಪಾಸು ಬಂದರೆ ಲೆಕ್ಕ ಸರಿ. ಎರಡೂವರೆ ಬಂದರೆ ನಡಿಗೆ ಜೋರಾಗಿದೆ, ಅಥವಾ ನಾಜಲ್ ಸಣ್ಣದಿದೆ. 6.4 ಗ್ರಾಂ ಅಳೆಯಲು ಬಾಟಲಿ ಮುಚ್ಚಳ, ಬೆಂಕಿಪೊಟ್ಟಣ ನಂಬುವುದು ಬೇಡ. 100 ಗ್ರಾಂ ಪೊಟ್ಟಣವನ್ನು 3 ಲೀಟರ್ ನೀರಿನಲ್ಲಿ ಒಟ್ಟಿಗೆ ಕರಗಿಸಿ, ಪಂಪಿಗೆ ಸುಮಾರು 190 ಮಿ.ಲೀ.ಯಂತೆ ಅಳತೆ ಲೋಟದಲ್ಲಿ ಹಾಕಿದರೆ ಪ್ರತಿ ಪಂಪಿಗೂ ಒಂದೇ ಸಮ ಬೀಳುತ್ತದೆ. ಆ ದ್ರಾವಣ ಅಂದೇ ಮುಗಿಯಬೇಕು.

ಸೋಮವಾರದ ಗಂಟೆಗಳು

ಈಗ ಷರತ್ತು, ಪ್ರಮಾಣ ಎರಡೂ ಗೊತ್ತಾಗಿವೆ. ಉಳಿದದ್ದು ಕೆಲಸಗಳ ಸರದಿ. ಮಂಗಳವಾರದ 14 ಮಿ.ಮೀ. ಮಳೆ ಗೊಬ್ಬರಕ್ಕೆ ಅನುಕೂಲ. ಮಣ್ಣಲ್ಲಿ ಮುಚ್ಚಿದ ಯೂರಿಯಾವನ್ನು ಅದು ಕರಗಿಸಿ ಬೇರಿನ ಆಳಕ್ಕೆ ಇಳಿಸುತ್ತದೆ. ಅದೇ ಮಳೆ ಸಿಂಪಡಣೆಗೆ ಪ್ರತಿಕೂಲ. 14ರ ಬದಲು 70 ಎಂದಿದ್ದರೆ ಗೊಬ್ಬರವನ್ನೂ ಮುಂದಕ್ಕೆ ಹಾಕಬೇಕಾಗುತ್ತಿತ್ತು, ಕರಗಿದ ಸಾರಜನಕ ಬೇರಿನಾಚೆ ಇಳಿದುಹೋಗುತ್ತದೆ ಅಥವಾ ಹರಿದುಹೋಗುತ್ತದೆ.

ಶನಿವಾರದ 22 ಮಿ.ಮೀ. ಆದ ಮೇಲೆ ಮಸಾರಿ ನೆಲ ಭಾನುವಾರ ಸಂಜೆಗೆ, ತಪ್ಪಿದರೆ ಸೋಮವಾರ ಬೆಳಿಗ್ಗೆಗೆ ಹದಕ್ಕೆ ಬರಬಹುದು. ಎರೆ ನೆಲ ಸೋಮವಾರವೂ ಎಡೆಕುಂಟೆಗೆ ಅಂಟಬಹುದು. ಅಂಟಿದರೆ ಎತ್ತು ಕಟ್ಟಿ ಎಳೆಸುವುದರಿಂದ ಮಣ್ಣು ಹೆಂಟೆಯಾಗುವುದಷ್ಟೇ ಲಾಭ. ಅಲ್ಲಿ ಯೂರಿಯಾವನ್ನು ಕೈಯಿಂದ ಸಣ್ಣ ಗುಣಿಗೆ ಹಾಕಿ ಮುಚ್ಚಬೇಕು, ಇಲ್ಲವೇ ಹದ ಬರುವವರೆಗೆ ತಡೆಯಬೇಕು. 35 ದಿನದವರೆಗೂ ಅವಕಾಶವಿದೆ ಎಂದು ಪ್ರಕಟಣೆಯೇ ಹೇಳಿದೆ.

ಎಡೆ ಹೊಡೆಯುವುದು, ಗೊಬ್ಬರ ಹಾಕುವುದು ಮೊದಲು, ಸಿಂಪಡಣೆ ಕೊನೆಗೆ. ಔಷಧಿ ಬಿದ್ದ ಬೆಳೆಯೊಳಗೆ ಅದೇ ದಿನ ಮತ್ತೆ ಆಳುಗಳನ್ನು ಇಳಿಸಬಾರದು.

ಸಂಜೆ ಎಂದು ಹೇಳುವುದಕ್ಕೂ ಕಾರಣವಿದೆ. ಹಗಲು ಸುಳಿಯೊಳಗೆ ಅಡಗಿರುವ ಹುಳು ಬಿಸಿಲು ಇಳಿದ ಮೇಲೆ ಮೇಲೆ ಬಂದು ತಿನ್ನುತ್ತದೆ, ಜೊತೆಗೆ ಎಮಾಮೆಕ್ಟಿನ್ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ 28 ಪಂಪು ಒಂದೇ ಸಂಜೆ ಒಬ್ಬರಿಂದ ಆಗುವ ಮಾತಲ್ಲ. ನೀರು ತುಂಬಿ ಹೊಡೆದು ಬರಲು ಪಂಪಿಗೆ 12ರಿಂದ 15 ನಿಮಿಷ ಹಿಡಿದರೂ ಆರೇಳು ಗಂಟೆಯ ಕೆಲಸ. ನಾಲ್ಕು ಗಂಟೆಗೆ ಶುರು ಮಾಡಿದರೆ ಕತ್ತಲಾಗುವುದರೊಳಗೆ ಒಬ್ಬರಿಗೆ ಹನ್ನೊಂದೋ ಹನ್ನೆರಡೋ ಪಂಪು. ಇಬ್ಬರು, ಎರಡು ಪಂಪು ಇದ್ದರೂ ಸ್ವಲ್ಪ ಉಳಿಯುತ್ತದೆ. ಸೋಮವಾರ ಬೆಳಿಗ್ಗೆ ಎಲೆಯ ನೀರಾರಿದ ಮೇಲೆ, ಬಿಸಿಲು ಏರುವ ಮುಂಚೆ, ಎಡೆ ಮತ್ತು ಗೊಬ್ಬರದ ಕೆಲಸ ಆಗಲೇ ಮುಗಿದಿರುವ ಭಾಗದಲ್ಲಿ ನಾಲ್ಕೈದು ಪಂಪು ಮುಗಿಸಿದರೆ ಹೊಂದುತ್ತದೆ. ಒಬ್ಬರೇ ಇದ್ದರೆ ಎಣಿಸುವಾಗ ಹೆಚ್ಚು ಬಾಧೆ ಕಂಡ ಭಾಗದಿಂದ ಶುರು ಮಾಡಿ, ಉಳಿದದ್ದನ್ನು ಮುಂದಿನ ಬಿಡುವಿಗೆ ಇಟ್ಟುಕೊಳ್ಳುವುದೇ ಜಾಣತನ. ಮಂಗಳವಾರ ಮಳೆಯೊಂದಿಗೆ ಪೈಪೋಟಿಗೆ ಇಳಿಯುವುದು ಬೇಡ.

ಗಾಳಿಯ ದಿಕ್ಕು 270 ಡಿಗ್ರಿ ಎಂದರೆ ಗಾಳಿ ಪಡುವಣದಿಂದ ಬರುತ್ತಿದೆ ಎಂದರ್ಥ. ಅಂಕಿ ಹೇಳುವುದು ಗಾಳಿ ಬರುವ ದಿಕ್ಕನ್ನು, ಹೋಗುವ ದಿಕ್ಕನ್ನಲ್ಲ. ಉತ್ತರಕ್ಕೆ 0 ಅಥವಾ 360, ಮೂಡಣಕ್ಕೆ 90, ದಕ್ಷಿಣಕ್ಕೆ 180. ಪಡುವಣ ಗಾಳಿಯಿದ್ದಾಗ ಹೊಲದ ಮೂಡಣ ಅಂಚಿನಿಂದ ಶುರು ಮಾಡಿ, ಗಾಳಿಗೆ ಅಡ್ಡಲಾಗಿ ಉತ್ತರ–ದಕ್ಷಿಣ ನಡೆಯುತ್ತ, ಸಾಲು ಸಾಲಾಗಿ ಪಡುವಣಕ್ಕೆ ಸರಿಯಬೇಕು. ಆಗ ಔಷಧಿಯ ತುಂತುರು ಹೊಡೆದು ಮುಗಿದ ಕಡೆಗೆ ಹೋಗುತ್ತದೆ, ಮುಖಕ್ಕೆ ಬರುವುದಿಲ್ಲ. ಜುಲೈನಲ್ಲಿ ಈ ಭಾಗದಲ್ಲಿ ಹಗಲು ಗಾಳಿ ಜೋರು. ಬೆಳೆಯ ತುದಿ ಬಿಡದೆ ಬಾಗುತ್ತಿದ್ದರೆ ಮಳೆಯಿಲ್ಲದಿದ್ದರೂ ಅದು ಸಿಂಪಡಣೆಯ ಹೊತ್ತಲ್ಲ. ನಾಜಲ್ಲನ್ನು ಸುಳಿಯ ಮೇಲೆ ಹತ್ತಿರ ಹಿಡಿಯಬೇಕು. ಎಲೆಯ ಮೇಲೆ ಮಾತ್ರ ಬಿದ್ದ ಔಷಧಿ ಸುಳಿಯೊಳಗಿನ ಹುಳುವಿಗೆ ತಲುಪುವುದಿಲ್ಲ. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಇರಲೇಬೇಕು.

ಐದು ದಿನದ ಮುನ್ಸೂಚನೆ ಶುಕ್ರವಾರ ಬರೆದದ್ದು. ಸೋಮವಾರದ ಹೊತ್ತಿಗೆ ಅದು ಮೂರು ದಿನ ಹಳೆಯದು. ಹಾಗಾಗಿ ಸೋಮವಾರ ಬೆಳಿಗ್ಗೆ ಅಂದಿನ ಜಿಲ್ಲಾ ಮುನ್ಸೂಚನೆ, ಮಧ್ಯಾಹ್ನ ಪಂಪು ಎತ್ತುವ ಮುಂಚೆ ಮುಂದಿನ ಮೂರು ಗಂಟೆಗಳಿಗೆ ಇಲಾಖೆ ಕೊಡುವ ತತ್‌ಕ್ಷಣದ ಎಚ್ಚರಿಕೆ, ಇವೆರಡನ್ನೂ ನೋಡಿಕೊಳ್ಳಬೇಕು. ಹಳದಿ ಬಣ್ಣ ಕಂಡರೆ ಆಗಾಗ ನೋಡುತ್ತಿರಿ ಎಂದರ್ಥ. ಕಿತ್ತಳೆ ಅಥವಾ ಕೆಂಪು ಇದ್ದರೆ ಅಂದಿನ ಸಿಂಪಡಣೆ ಬಿಟ್ಟುಬಿಡಿ. ಹೊಡೆದ ಮೇಲೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಮಳೆ ಬಾರದಿದ್ದರೆ ಔಷಧಿ ಎಲೆಗೆ ಹಿಡಿಯುತ್ತದೆ. ಅರ್ಧ ಗಂಟೆಯಲ್ಲೇ ಜೋರು ಮಳೆ ಬಂದರೆ ಮರುದಿನವೇ ಮತ್ತೆ ಹೊಡೆಯಲು ಹೋಗಬೇಡಿ. ಮೊದಲು ಹುಳು ಸತ್ತಿದೆಯೋ ಇಲ್ಲವೋ ನೋಡಿ.

ಅದಕ್ಕೆ ಮೂರು ದಿನ ಬಿಟ್ಟು, ಇಲ್ಲಿ ಗುರುವಾರ, ಮೊದಲಿನಂತೆಯೇ ಐದು ಕಡೆ 20ರಂತೆ ಗಿಡ ಎಣಿಸಬೇಕು. ಎಮಾಮೆಕ್ಟಿನ್ ತಿಂದ ಹುಳು ತಿನ್ನುವುದನ್ನು ಬೇಗ ನಿಲ್ಲಿಸುತ್ತದೆ, ಆದರೆ ಸಾಯಲು ಎರಡು ಮೂರು ದಿನ ಹಿಡಿಯಬಹುದು. ಆದ್ದರಿಂದ ಮರುದಿನ ಜೀವಂತ ಹುಳು ಕಂಡರೆ ಗಾಬರಿ ಬೇಡ, ಹಸಿ ಹಿಕ್ಕೆ ಇದೆಯೇ ಎಂದಷ್ಟೇ ನೋಡಿ. ಗುರುವಾರದ ಎಣಿಕೆಯಲ್ಲೂ ಹಸಿ ಹಿಕ್ಕೆಯಿರುವ ಗಿಡ ಹತ್ತಕ್ಕಿಂತ ಹೆಚ್ಚಿದ್ದರೆ, ಮಂಗಳವಾರ ಬಂದಿರುವ ಹೊಸ ಪ್ರಕಟಣೆಯಲ್ಲಿ ಮುಂದಿನ ಬಿಡುವು ಹುಡುಕಿ, ‘ಅಥವಾ’ದ ಆಚೆಗಿದ್ದ ಸ್ಪೈನೆಟೋರಾಮ್ ತರಬೇಕು: ಲೀಟರಿಗೆ 0.5 ಮಿ.ಲೀ., ಎಕರೆಗೆ 100 ಮಿ.ಲೀ.